ಎರಡು ಲಕ್ಷಕ್ಕೆ ಐದು ಸಾವಿರ ಕಡಿಮೆ

ಮಾದಾಪುರದ ಕಲ್ಲೇಶಪ್ಪನಿಗೆ ಗೊತ್ತಿಲ್ಲದ ವಿಷಯ ಒಂದಿತ್ತು ಎಂದರೆ ಸೋಮವಾರಪೇಟೆ ಕಡೆಯ ಜನ ಇವತ್ತಿಗೂ ಸುಲಭಕ್ಕೆ ನಂಬುವುದಿಲ್ಲ. ಎಂಟು ಎಕರೆ ಕಾಫಿ ತೋಟ, ತೋಟದ ಅಂಚಿಗೆ ಒಂದಿಷ್ಟು ಏಲಕ್ಕಿ, ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಒಂದು ರೆಕ್ಸಿನ್ ಬ್ಯಾಗು. ಆ ಬ್ಯಾಗಿನಲ್ಲಿ ಪಾಸ್‌ಬುಕ್ಕು, ಚೆಕ್‌ಬುಕ್ಕು, ಆಧಾರ್ ಜೆರಾಕ್ಸು ಎಲ್ಲಾ ಇರುತ್ತಿದ್ದವು. ಬ್ಯಾಂಕಿಗೆ ಹೋದರೆ ಗೋಡೆಗೆ ಒರಗಿ ನಿಂತವರೆಲ್ಲ "ಅಣ್ಣ, ಇದೊಂದು ತುಂಬಿ ಕೊಡಿ" ಎಂದು ಫಾರಂ ಹಿಡಿದು ಬರುತ್ತಿದ್ದರು. ಕಲ್ಲೇಶಪ್ಪ ಕನ್ನಡಕ ಏರಿಸಿ ತುಂಬಿ ಕೊಡುತ್ತಿದ್ದ. ಪುಕ್ಕಟೆ ಅಲ್ಲ. ಜೊತೆಗೆ ಒಂದಷ್ಟು ಬುದ್ಧಿಮಾತನ್ನೂ ಕೇಳಿಸಿಕೊಳ್ಳಬೇಕಿತ್ತು.

"ಚೆಕ್ಕು ಗಿಕ್ಕು ಯಾಕಪ್ಪ ಈ ಕಾಲ್ದಲ್ಲಿ? ಆರ್‌ಟಿಜಿಎಸ್ ಮಾಡು. ಅರ್ಧ ಗಂಟೆ, ಆ ಕಡೆಯವನ ಅಕೌಂಟಲ್ಲಿ ದುಡ್ಡು ಕೂತಿರುತ್ತೆ."

ಈ ಆರ್‌ಟಿಜಿಎಸ್ ಎನ್ನುವ ಮಾತು ಅವನಿಗೆ ಕಾಫಿ ವ್ಯಾಪಾರದಿಂದ ಬಂದದ್ದು. ಅವನೊಬ್ಬನಿಗೇ ಅಲ್ಲ, ಇಲ್ಲಿಯ ಬೆಳೆಗಾರರಿಗೆಲ್ಲ ಹಾಗೆಯೇ. ಕಾಫಿ ಮೂಟೆ ಲಾರಿ ಹತ್ತಿದ ಮೇಲೆ ವ್ಯಾಪಾರಿ ಹೇಳುವುದು ಅದೊಂದೇ ಮಾತು, "ಸಂಜೆಗೆ ಆರ್‌ಟಿಜಿಎಸ್ ಮಾಡ್ತೀನಿ." ಹಾಗೆ ಬಂದ ದುಡ್ಡು ಯಾವಾಗಲೂ ಮೂರು ಲಕ್ಷ, ಐದು ಲಕ್ಷ. ಕಲ್ಲೇಶಪ್ಪ ತಾನೇ ಕಳಿಸಿದ್ದು ಎರಡು ಸಲ, ಒಮ್ಮೆ ಜೀಪಿಗೆ, ಒಮ್ಮೆ ಪಕ್ಕದ ಜಾಗ ಕೊಂಡಾಗ. ಅವೂ ದೊಡ್ಡ ಮೊತ್ತವೇ. ಹೀಗಾಗಿ ಬ್ಯಾಂಕಿನ ಮೂಲಕ ದುಡ್ಡು ಹೋಯಿತು ಎಂದರೆ ಅದು ಆರ್‌ಟಿಜಿಎಸ್ ಎಂದೇ ಅವನ ಲೆಕ್ಕ. ಅದೇ ಫಾರಂನಲ್ಲಿ ಪಕ್ಕಕ್ಕೇ ಎನ್‌ಇಎಫ್‌ಟಿ ಎಂಬ ಇನ್ನೊಂದು ಚೌಕ ಇತ್ತು. ಅದು ಯಾಕಿದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಕೇಳುವುದು ಅವನ ಅಭ್ಯಾಸವೇ ಅಲ್ಲ. ಯಾರೋ ಒಮ್ಮೆ ವಿಚಾರಿಸಿದಾಗ "ಅದು ಚಿಲ್ಲರೆ ದುಡ್ಡಿನವರಿಗೆ" ಎಂದು ಹೇಳಿ ಮುಂದಕ್ಕೆ ಹೋಗಿದ್ದ.

ಈ ಸಲ ಫೆಬ್ರವರಿ ಕಳೆಯುತ್ತ ಬಂದರೂ ಹೂಮಳೆಯ ಸುಳಿವಿರಲಿಲ್ಲ. ರೊಬಸ್ಟಾ ಗಿಡಗಳಲ್ಲಿ ಮೊಗ್ಗು ಕಾದು ನಿಂತಿತ್ತು. ನೀರು ಹಾರಿಸದಿದ್ದರೆ ಮುಂದಿನ ಫಸಲು ಕೈಬಿಟ್ಟಂತೆಯೇ. ಕಲ್ಲೇಶಪ್ಪನ ಹಳೆಯ ಮೋಟಾರು ಹೋದ ವರ್ಷವೇ ಪ್ರಾಣ ಬಿಟ್ಟಿತ್ತು. ಆಗ ನೆನಪಿಗೆ ಬಂದವನು ದೇರಪ್ಪ.

ದೇರಪ್ಪ ಮಾದಾಪುರದಿಂದ ಆಚೆ, ಮಡಿಕೇರಿ ರಸ್ತೆಯಲ್ಲಿ ಸ್ವಲ್ಪ ಒಳಗೆ ಇರುವ ಅರೆಭಾಷೆ ಗೌಡರವನು. ನಾಲ್ಕು ಎಕರೆ ತೋಟ. ಮಾತು ಕಡಿಮೆ. ಸಂತೆಯಲ್ಲಿ ಸಿಕ್ಕರೆ "ಅಣ್ಣ, ಹೇಗಿದ್ದೀರಿ" ಎಂದು ಕೈ ಕಟ್ಟಿ ನಿಲ್ಲುವ ಸ್ವಭಾವ. ಅವನು ತೋಟಕ್ಕೆ ಕರೆಂಟು ಎಳೆಸಿಕೊಂಡಿದ್ದ. ಕುಶಾಲನಗರದ ಅಂಗಡಿಯಲ್ಲಿ ಹೊಸ ಮೋಟಾರು ನೋಡಿ ಬಂದಿದ್ದ. ಹಳೆಯ ಡೀಸೆಲ್ ಮೋಟಾರು, ಸ್ಪ್ರಿಂಕ್ಲರ್ ಪೈಪುಗಳ ಸೆಟ್ಟು ಪೂರ್ತಿ ಮಾರುವುದಿತ್ತು. ಆ ದುಡ್ಡು ಬಂದರೆ ಹೊಸದು ತರುವುದು ಎಂದು ಅವನ ಯೋಜನೆ.

ಕಲ್ಲೇಶಪ್ಪ ಹೋಗಿ ನೋಡಿದ. ವ್ಯಾಪಾರ ಎರಡು ಲಕ್ಷ ಹತ್ತು ಸಾವಿರಕ್ಕೆ ಕುದುರಿತು. ಕೈಗೆ ಕೈ ತಟ್ಟಿ ಕಾಫಿ ಕುಡಿದೂ ಆಯಿತು. ಆದರೆ ಪೈಪು ಪಿಕಪ್‌ಗೆ ಏರಿಸುವ ಹೊತ್ತಿಗೆ ಕಲ್ಲೇಶಪ್ಪನ ನಾಲಿಗೆ ಸುಮ್ಮನಿರಲಿಲ್ಲ. ಸಾಮಾನು ಏರಿಸುವಾಗ ಇನ್ನೊಂದಿಷ್ಟು ಕೀಳದಿದ್ದರೆ ವ್ಯಾಪಾರ ಮಾಡಿದಂತೆಯೇ ಅಲ್ಲ ಎನ್ನುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ.

"ಎರಡು ಪೈಪಿಗೆ ತೇಪೆ ಐತಲ್ಲ ದೇರಪ್ಪ. ಪಿಕಪ್ ಬಾಡಿಗೆ ಬೇರೆ ನಂದೇ. ಒಂದು ತೊಂಬತ್ತೈದು ಅನ್ನು, ಮುಗಿಸಿಬಿಡಾಣ."

ದೇರಪ್ಪ ಪೈಪಿನ ಕಡೆ ಒಮ್ಮೆ ನೋಡಿದ, ಮನೆಯ ಕಡೆ ಒಮ್ಮೆ ನೋಡಿದ. "ಆಯ್ತು ಅಣ್ಣ, ನೀವು ಹೇಳಿದ ಮೇಲೆ" ಎಂದ.

"ನಾಳೆನೇ ಆರ್‌ಟಿಜಿಎಸ್ ಮಾಡ್ತೀನಿ. ಅರ್ಧ ಗಂಟೆ."

ದುಡ್ಡು ಬರುವ ಮೊದಲೇ ಸಾಮಾನು ಕೊಟ್ಟು ಕಳಿಸಿದ್ದು ದೇರಪ್ಪನ ದೊಡ್ಡತನ. ಕಲ್ಲೇಶಪ್ಪನ ಮಾತು ಎಂದರೆ ಬ್ಯಾಂಕಿನ ಚೀಟಿಗಿಂತ ಗಟ್ಟಿ ಎಂದು ಅವನು ತಿಳಿದಿದ್ದ.

ಮರುದಿನ ಶುಕ್ರವಾರ. ಬ್ಯಾಂಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಳೆ ನಾಲ್ಕನೇ ಶನಿವಾರ, ನಾಳಿದ್ದು ಭಾನುವಾರ, ಎರಡು ದಿನ ಬಾಗಿಲು ಹಾಕುತ್ತದೆ ಎಂದು ಊರೇ ಅಲ್ಲಿ ಬಂದಿತ್ತು. ಕಲ್ಲೇಶಪ್ಪ ಫಾರಂ ತೆಗೆದು, ಕಣ್ಣು ಮುಚ್ಚಿ ತುಂಬುವಷ್ಟು ಅಭ್ಯಾಸವಾಗಿದ್ದರಿಂದ ಸರಸರನೆ ತುಂಬಿ, ಆರ್‌ಟಿಜಿಎಸ್ ಚೌಕಕ್ಕೆ ಒಂದು ಗುರುತು ಹಾಕಿ, ಒಂದು ಲಕ್ಷ ತೊಂಬತ್ತೈದು ಸಾವಿರ ಬರೆದು, ಅದಕ್ಕೆ ಚೆಕ್ಕು ಲಗತ್ತಿಸಿ ಕೌಂಟರಿನಲ್ಲಿ ಕೊಟ್ಟ. ಅಲ್ಲಿದ್ದ ಗುಮಾಸ್ತ ತಲೆ ಎತ್ತದೆ ಕೌಂಟರ್‌ಫಾಯಿಲಿಗೆ ಒಂದು ಸೀಲು ಒತ್ತಿ ಹರಿದು ಕೊಟ್ಟ. ಕಲ್ಲೇಶಪ್ಪ ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಬಂದ. ಅವನ ಪಾಲಿಗೆ ಕೆಲಸ ಮುಗಿದಿತ್ತು.

ಆ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹೆಂಗಸಿನ ದನಿ. "ಸರ್, ಬ್ಯಾಂಕಿಂದ ಮಾತಾಡ್ತಿದ್ದೀನಿ, ನಿಮ್ಮ ಆರ್‌ಟಿಜಿಎಸ್ ವಿಷಯ..."

ಕಲ್ಲೇಶಪ್ಪ ಎದ್ದು ಕೂತ. ಇಂಥ ಕಳ್ಳರ ವಿಚಾರ ಅವನು ದಿನಾ ಪೇಪರಿನಲ್ಲಿ ಓದುತ್ತಿದ್ದ. "ಬ್ಯಾಂಕಿಂದ ಅಂತೀಯಲ್ಲಮ್ಮ, ಮೂರು ಹೊತ್ತೂ ಊಟ ಮಾಡ್ತೀಯೋ, ಬರೀ ಇದೇ ಮೋಸ ಮಾಡ್ತೀಯೋ? ನಿನ್ನಂಥ ಕಳ್ಳೀರನ್ನ ಬೇಕಾದಷ್ಟು ನೋಡಿದೀನಿ" ಎಂದು ಫೋನು ಕತ್ತರಿಸಿದ. ಮತ್ತೆ ಅದೇ ನಂಬರು ಬಂತು. ಆ ನಂಬರು ಇನ್ನು ಬಾರದ ಹಾಗೆ ಮಾಡಿದ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಮೀಸೆ ತಿರುವುತ್ತ ಹೆಂಡತಿ ಕಾಂತಮ್ಮನಿಗೂ ಸೊಸೆ ಅಮೃತಾಳಿಗೂ ಹೇಳಿದ.

ಅಮೃತಾ ಬಡಿಸುತ್ತಿದ್ದವಳು ನಿಂತಳು. "ಆರ್‌ಟಿಜಿಎಸ್ ಅಂದ್ರಾ ಮಾವ? ನೀವು ಮಾಡಿದ್ದು ಅವಳಿಗೆ ಹೆಂಗೆ ಗೊತ್ತು?"

"ಅವರಿಗೆ ಎಲ್ಲಾ ಗೊತ್ತಿರುತ್ತೆ. ಅದಕ್ಕೇ ಅಲ್ವಾ ಕಳ್ಳರು ಅನ್ನದು."

"ಮತ್ತೆ ದುಡ್ಡು ಕಟ್ ಆಗಿರೋ ಮೆಸೇಜ್ ಬಂದಿದ್ಯಾ?"

"ಸೀಲ್ ಐತಲ್ಲಮ್ಮ. ಸೀಲಿಗಿಂತ ಮೆಸೇಜ್ ದೊಡ್ಡದಾ?" ಎಂದು ಅವನು ಸಾರಿಗೆ ತಟ್ಟೆ ಒಡ್ಡಿದ. ಮಾವನ ಮಾತಿಗೆ ಎದುರಾಡುವ ಮನೆ ಅದಲ್ಲ.

ದೇರಪ್ಪ ಆ ಸಂಜೆಯೇ ಒಮ್ಮೆ ಫೋನು ಮಾಡಿ "ದುಡ್ಡು ಬಂದ ಹಾಗಿಲ್ಲ ಅಣ್ಣ" ಎಂದಿದ್ದ. "ಬಂದಿರುತ್ತೆ, ಸರಿಯಾಗಿ ನೋಡು" ಎಂದಿದ್ದ ಕಲ್ಲೇಶಪ್ಪ. ಶನಿವಾರ ದೇರಪ್ಪ ಮತ್ತೆ ಕೇಳಿದ. ಭಾನುವಾರ ಕೇಳುವಾಗ ಅವನ ದನಿ ಇನ್ನೂ ಸಣ್ಣದಾಗಿತ್ತು, ತಾನೇ ಏನೋ ಕದ್ದವನ ಹಾಗೆ. ಅದನ್ನು ಕೇಳಿ ಕಲ್ಲೇಶಪ್ಪನ ತಲೆಗೆ ಒಂದು ಕೆಟ್ಟ ಯೋಚನೆ ಹೊಕ್ಕಿತು. ಕೇಳಿದ ಬೆಲೆಗೆ ಮಾರಿದ್ದಕ್ಕೆ ಇವನಿಗೀಗ ಹೊಟ್ಟೆ ಉರಿಯುತ್ತಿದೆ, ಕಡಿಮೆಯಾದ ಹದಿನೈದು ಸಾವಿರಕ್ಕೆ ಏನೋ ಆಟ ಕಟ್ಟುತ್ತಿದ್ದಾನೆ ಎಂದು. ಹುಳಿ ಹಿಂಡಿಸಿಕೊಂಡ ಹಾಲಿನ ಹಾಗೆ ಅವನ ಮನಸ್ಸು ಒಡೆಯಿತು.

ಸೋಮವಾರ ಸೋಮವಾರಪೇಟೆಯ ಸಂತೆ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬೆಳೆಗಾರರೆಲ್ಲ ಸೇರುವುದು ಹಿಂದಿನಿಂದ ನಡೆದು ಬಂದದ್ದು. ಕಾಫಿ ರೇಟಿನಿಂದ ಹಿಡಿದು ಯಾರ ಮನೆಯ ಮದುವೆ ಮುರಿಯಿತು ಎನ್ನುವವರೆಗೆ ಎಲ್ಲಾ ತೀರ್ಮಾನವಾಗುವುದು ಅಲ್ಲಿಯೇ. ಕಲ್ಲೇಶಪ್ಪ ನಡುವಿನ ಬೆಂಚಿನಲ್ಲಿ ಕೂತಿದ್ದಾಗ ದೇರಪ್ಪ ಒಳಗೆ ಬಂದ. ತನ್ನ ಬ್ಯಾಂಕು ಬಾಗಿಲು ತೆರೆದ ಕೂಡಲೇ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದಿದ್ದ. ಅದನ್ನು ಬಿಚ್ಚಿ ಕಲ್ಲೇಶಪ್ಪನ ಮುಂದೆ ಹಿಡಿದು ಮೆಲ್ಲಗೆ ಹೇಳಿದ.

"ಬಂದಿಲ್ಲ ಅಣ್ಣ. ನೋಡಿ ನೀವೇ. ಮೋಟಾರಿನವರು ಕಾಯ್ತಾ ಇದ್ದಾರೆ."

ಕಲ್ಲೇಶಪ್ಪ ಪಾಸ್‌ಬುಕ್ಕು ನೋಡಲಿಲ್ಲ. ಸೀದಾ ಬ್ಯಾಗು ತೆಗೆದು ಕೌಂಟರ್‌ಫಾಯಿಲು ಎತ್ತಿ ಮೇಜಿನ ಮೇಲೆ ಇಟ್ಟ. "ಇದೇನು? ಬ್ಯಾಂಕಿನ ಸೀಲು. ಶುಕ್ರವಾರ ಹಾಕಿದ್ದು. ಆರ್‌ಟಿಜಿಎಸ್ ಆದಮೇಲೆ ಅರ್ಧ ಗಂಟೆಯಲ್ಲಿ ಸೇರಲೇಬೇಕು, ಅದು ಸರ್ಕಾರದ ರೂಲು. ನಿಂಗೆ ಬಂದಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಸುಳ್ಳು ಹೇಳ್ತಾ ಇಲ್ಲ ಅಣ್ಣ."

"ಹಂಗಾರೆ ನಾನು ಹೇಳ್ತಾ ಇದೀನಾ?" ದನಿ ಏರಿತು. ಅಕ್ಕಪಕ್ಕದ ಬೆಂಚಿನವರು ಲೋಟ ಕೆಳಗಿಟ್ಟು ಇತ್ತ ತಿರುಗಿದರು. ಜನ ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಕಲ್ಲೇಶಪ್ಪನ ನಾಲಿಗೆಗೆ ಲಗಾಮೇ ಇರಲಿಲ್ಲ. "ಏನು, ಎರಡು ಸಲ ಈಸ್ಕೊಳ್ಳೋ ಯೋಚನೆನಾ ದೇರಪ್ಪ? ಬೆಲೆ ಸಾಲ್ದು ಅಂದಿದ್ರೆ ಅವತ್ತೇ ಹೇಳಬೇಕಿತ್ತು. ಗಂಡಸರ ಹಂಗೆ."

ದೇರಪ್ಪನ ಮುಖ ಕಪ್ಪಾಯಿತು. ಪಾಸ್‌ಬುಕ್ಕನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವನು ಆಗ ಒಂದು ಮಾತು ತಿರುಗಿ ಬೈದಿದ್ದರೆ ಕಲ್ಲೇಶಪ್ಪ ಬದುಕಿಕೊಳ್ಳುತ್ತಿದ್ದ. ಅವನು ಬೈಯಲಿಲ್ಲ.

"ನಂದೇ ಏನೋ ತಪ್ಪಿರಬೇಕು ಅಣ್ಣ" ಎಂದ, ಎಲ್ಲರಿಗೂ ಕೇಳುವ ಹಾಗೆ. "ಅಕೌಂಟ್ ನಂಬರ್ ತಪ್ಪು ಬರೆದು ಕೊಟ್ಟಿದ್ದೀನೋ ಏನೋ. ಬೇಜಾರು ಮಾಡ್ಕೊಬೇಡಿ."

"ಹೋಗ್ಲಿ ಬಿಡು" ಎಂದ ಕಲ್ಲೇಶಪ್ಪ. ಕ್ಷಮಿಸಿಬಿಟ್ಟ, ಮಹಾರಾಯ. ದೇರಪ್ಪನಿಗೆ ಒಂದು ಟೀಯನ್ನೂ ಹೇಳಿದ. ದೇರಪ್ಪ ಅದನ್ನು ಕುಡಿಯದೆ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಗೆದ್ದವನಿಗೆ ಗೆದ್ದದ್ದರ ಚೀಟಿ ಬೇಕು. ದುಡ್ಡು ಯಾವ ಅಕೌಂಟಿಗೆ ಹೋಗಿ ಬಿದ್ದಿದೆ ಎಂದು ಬರೆಸಿಕೊಂಡು, ಮುಂದಿನ ಸಂತೆಗೆ ಅದನ್ನೂ ತೋರಿಸೋಣ ಎಂದು ಕಲ್ಲೇಶಪ್ಪ ಬ್ಯಾಂಕಿಗೆ ನಡೆದ.

ಅಲ್ಲಿ ಅವನನ್ನು ಒಳಗೆ ಕರೆದು ಕೂರಿಸಿದ್ದು ಶರ್ಮಿಳಾ ಎನ್ನುವ ಆಫೀಸರು, ಈ ಶಾಖೆಗೆ ಬಂದು ವರ್ಷ ಆಗಿರಬಹುದು. ಹೆಸರು ಕೇಳಿದ ಕೂಡಲೇ ಅವಳು ಡ್ರಾಯರಿನಿಂದ ಒಂದು ಫಾರಂ ತೆಗೆದಳು. ಅದಕ್ಕೆ ಅವನ ಚೆಕ್ಕು ಹಾಗೆಯೇ ಲಗತ್ತಾಗಿತ್ತು.

"ನಿಮಗೆ ಶುಕ್ರವಾರವೇ ಫೋನ್ ಮಾಡಿದ್ದೆ ಸರ್. ಕಳ್ಳಿ ಅಂದ್ರಲ್ಲ, ಅದು ನಾನೇ."

ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಸಣ್ಣಗೆ ನಕ್ಕಳು. ಕಲ್ಲೇಶಪ್ಪನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ.

"ಇದು ಹೋಗಿಲ್ಲ ಸರ್. ಸಿಸ್ಟಮ್ ತಗೊಳ್ಳಲಿಲ್ಲ, ರಿಜೆಕ್ಟ್ ಮಾಡ್ತು. ಆರ್‌ಟಿಜಿಎಸ್‌ಗೆ ಕಡಿಮೆ ಅಂದ್ರೆ ಎರಡು ಲಕ್ಷ ಇರಬೇಕು. ಅದು ದೊಡ್ಡ ಮೊತ್ತಕ್ಕೆ ಅಂತಲೇ ಮಾಡಿರೋದು, ಒಂದೊಂದನ್ನೂ ಆಗಿಂದಾಗಲೇ ಕಳಿಸುತ್ತೆ. ನಿಮ್ಮದು ಒಂದು ತೊಂಬತ್ತೈದು. ಐದು ಸಾವಿರ ಕಡಿಮೆ."

"ಮತ್ತೆ ಸೀಲು?" ಎಂದು ಕಲ್ಲೇಶಪ್ಪ ಕೌಂಟರ್‌ಫಾಯಿಲು ಮುಂದೆ ಮಾಡಿದ. ತನ್ನ ದನಿ ತನಗೇ ಸಣ್ಣದಾಗಿ ಕೇಳಿತು.

"ಇದು ನೀವು ಫಾರಂ ಕೊಟ್ಟಿದ್ದಕ್ಕೆ ಗುರುತು ಅಷ್ಟೇ ಸರ್. ದುಡ್ಡು ಹೋಗಿದ್ದಕ್ಕಲ್ಲ. ಹೋದ್ರೆ ಯುಟಿಆರ್ ಅಂತ ಒಂದು ನಂಬರ್ ಹುಟ್ಟುತ್ತೆ, ನಿಮ್ಮ ಅಕೌಂಟಿಂದ ಕಟ್ ಆಗುತ್ತೆ, ಮೆಸೇಜ್ ಬರುತ್ತೆ. ನಿಮ್ಮ ದುಡ್ಡು ನಿಮ್ಮ ಅಕೌಂಟಲ್ಲೇ ಇದೆ, ಒಂದು ರೂಪಾಯಿ ಅಲ್ಲಾಡಿಲ್ಲ. ಇಷ್ಟು ಮೊತ್ತಕ್ಕೆ ಎನ್‌ಇಎಫ್‌ಟಿ ಮಾಡಬೇಕಿತ್ತು. ಅದಕ್ಕೆ ಇಷ್ಟೇ ಇರಬೇಕು ಅಂತ ಇಲ್ಲ, ಒಂದು ರೂಪಾಯಿ ಬೇಕಾದರೂ ಹೋಗುತ್ತೆ. ಅರ್ಧ ಗಂಟೆಗೊಂದು ಸಲ ಎಲ್ಲರದ್ದನ್ನೂ ಒಟ್ಟಿಗೆ ಕಳಿಸ್ತಾರೆ. ನಾನೇ ಬದಲಾಯಿಸೋ ಹಾಗಿರಲಿಲ್ಲ, ಫಾರಂ ಮೇಲೂ ಚೆಕ್ ಮೇಲೂ ನೀವು ಆರ್‌ಟಿಜಿಎಸ್ ಅಂತಲೇ ಬರೆದಿದ್ದೀರಿ. ಅದಕ್ಕೇ ಫೋನ್ ಮಾಡಿದ್ದು. ಕೌಂಟರಲ್ಲೇ ನೋಡಿ ಹೇಳಬೇಕಿತ್ತು, ನಮ್ಮವರೂ ಗಡಿಬಿಡಿಯಲ್ಲಿ ನೋಡಿಲ್ಲ."

ಹುಡುಗಿ ಪಾಪ ಒಳ್ಳೆಯವಳು, ತಪ್ಪಿನಲ್ಲಿ ತನ್ನವರಿಗೂ ಒಂದು ಪಾಲು ಎತ್ತಿಟ್ಟಳು. ಕಲ್ಲೇಶಪ್ಪನಿಗೆ ಆ ಪಾಲು ಕೇಳಿಸಲಿಲ್ಲ. ಅವನಿಗೆ ಕೇಳಿಸುತ್ತಿದ್ದದ್ದು "ನಂದೇ ಏನೋ ತಪ್ಪಿರಬೇಕು ಅಣ್ಣ" ಎನ್ನುವ ಮಾತು. ಮೊದಲು ಒಪ್ಪಿದ ಎರಡು ಲಕ್ಷ ಹತ್ತು ಸಾವಿರವನ್ನೇ ಬರೆದಿದ್ದರೆ ಶುಕ್ರವಾರ ಮಧ್ಯಾಹ್ನವೇ ಹೋಗಿ ಸೇರುತ್ತಿತ್ತು. ಪಿಕಪ್ಪಿನ ಮುಂದೆ ನಿಂತು ಕಿತ್ತುಕೊಂಡ ಹದಿನೈದು ಸಾವಿರವೇ ದುಡ್ಡನ್ನು ಎರಡು ಲಕ್ಷದ ಗೆರೆಯಿಂದ ಕೆಳಗೆ ಎಳೆದಿತ್ತು. ದುಡ್ಡು ತನ್ನ ಖಾತೆಯಲ್ಲಿ ಬೆಚ್ಚಗೆ ಇಟ್ಟುಕೊಂಡು, ಬರಿಗೈಯಲ್ಲಿ ನಿಂತವನನ್ನು ಸಂತೆಯಲ್ಲಿ ಕಳ್ಳ ಎಂದಿದ್ದ. ಕಿವಿ ಬಿಸಿಯಾಯಿತು, ಬೆನ್ನು ಬೆವರಿತು. ನಾಚಿಕೆ ಎನ್ನುವುದು ಇಷ್ಟು ಮೈಗೆ ಹತ್ತುವ ವಸ್ತು ಎಂದು ಅವನಿಗೆ ಈ ವಯಸ್ಸಿಗೆ ಗೊತ್ತಾಯಿತು.

ಶರ್ಮಿಳಾ ಹೊಸ ಫಾರಂ ಕೊಟ್ಟಳು. ಅವನು ಎನ್‌ಇಎಫ್‌ಟಿ ಚೌಕಕ್ಕೆ ಗುರುತು ಹಾಕುವ ಮೊದಲು, ಜೀವನದಲ್ಲಿ ಮೊದಲ ಸಲ, "ಇದೇ ಅಲ್ವಾ ಮೇಡಂ?" ಎಂದು ಕೇಳಿದ. ಹೊಸ ಚೆಕ್ಕು ಬರೆದ. ಅವಳು ಅಲ್ಲಿಯೇ ಕಂಪ್ಯೂಟರಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಅವನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ದುಡ್ಡು ಕಟ್ ಆದ ಮೆಸೇಜು.

ಬಸ್ಸಿನಲ್ಲಿ ಮಾದಾಪುರಕ್ಕೆ ಬರುವಾಗ ದೇರಪ್ಪನ ಫೋನು ಬಂತು. "ಬಂತು ಅಣ್ಣ, ಈಗ ಬಂತು. ನಂದೇ ಗಡಿಬಿಡಿ ಆಯ್ತು ಅನ್ಸುತ್ತೆ. ಸುಮ್ಮನೆ ನಿಮಗೆ ತೊಂದರೆ ಕೊಟ್ಟೆ."

ಈಗ ಹೇಳಬೇಕಿತ್ತು. ಹೇಳುವುದಕ್ಕೆ ಒಂದು ನಿಮಿಷ ಸಾಕಿತ್ತು. ಕಲ್ಲೇಶಪ್ಪನ ಬಾಯಿಗೆ ಬಂದದ್ದು "ಆಗ್ಲಿ, ಸೇರ್ತಲ್ಲ" ಎನ್ನುವ ಮಾತು. ಫೋನು ಇಟ್ಟ. ಹೋಟೆಲಿನಲ್ಲಿ ಆಡಿದ್ದು ಸಿಟ್ಟಿನಲ್ಲಿ, ತಿಳಿಯದೆ. ಇದು ತಿಳಿದು ಮಾಡಿದ್ದು. ಎರಡರಲ್ಲಿ ಯಾವುದು ಹೆಚ್ಚು ಕೊಳಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಆ ಮೀಸೆಯನ್ನು ಒರೆಸಿಕೊಳ್ಳುತ್ತ ಮನೆಗೆ ಬಂದ.

ಮನೆಯಲ್ಲಿ ಅಮೃತಾಳಿಗೆ ಮಾತ್ರ ಹೇಳಬೇಕಾಯಿತು, ಅವಳು ಫೋನಿನಲ್ಲಿ ಸೋಮವಾರದ ತಾರೀಖಿನ ಮೆಸೇಜು ನೋಡಿಬಿಟ್ಟಿದ್ದಳು. ಎಲ್ಲ ಕೇಳಿ ಅವಳು "ದೇರಪ್ಪಣ್ಣಂಗೆ ಹೇಳಿದ್ರಾ ಮಾವ?" ಎಂದಳು. "ಹೇಳ್ತೀನಿ" ಎಂದ. ಅವಳು ಮತ್ತೆ ಕೇಳಲಿಲ್ಲ. ಆ ವಾರವೆಲ್ಲ ತೋಟದಲ್ಲಿ ದೇರಪ್ಪನ ಪೈಪುಗಳಿಂದಲೇ ನೀರು ಹಾರಿತು. ಹೂವು ಬಿರಿದು ಗಿಡಗಳೆಲ್ಲ ಬೆಳ್ಳಗಾದವು, ಪರಿಮಳ ಮನೆಯೊಳಗೆ ಬಂತು. ಪ್ರತಿ ವರ್ಷ ಹೂವಾದಾಗ ತೋಟದ ನಡುವೆ ಸುತ್ತುತ್ತಿದ್ದವನು ಈ ಸಲ ಕಣದಿಂದ ಆಚೆಗೆ ಹೋಗಲಿಲ್ಲ. ಕಾಂತಮ್ಮ "ಮೈ ಸರಿ ಇಲ್ವಾ?" ಎಂದು ಕೇಳಿದಳು. "ಸರಿ ಐತೆ" ಎಂದ. ಹದಿನೈದು ಸಾವಿರ ವಾಪಸು ಕೊಟ್ಟರೆ ಸರಿ ಹೋದೀತೇ ಎಂದು ಒಂದು ಸಲ ಲೆಕ್ಕ ಹಾಕಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ತಾನೇ ಎಷ್ಟು ಜನರಿಗೆ ಹೇಳಿದ್ದನೋ. ಈಗ ಹೋದದ್ದು ತನ್ನ ಮಾನವೂ ಅಲ್ಲ, ಇನ್ನೊಬ್ಬನದು.

ಮತ್ತೆ ಸೋಮವಾರ ಬಂತು. ಸಂತೆಗೆ ಹೋಗದಿರಲು ಅವನು ಕಾರಣ ಹುಡುಕಿದ, ಸಿಗಲಿಲ್ಲ. ದೇರಪ್ಪನನ್ನು ಒಂದು ಕಡೆ ಕರೆದು ಮೆಲ್ಲಗೆ ಹೇಳಿದರಾಯಿತು, ಇಬ್ಬರಲ್ಲೇ ಮುಗಿಯುತ್ತದೆ ಎಂದುಕೊಂಡು ಹೋಟೆಲಿನ ಬಾಗಿಲಿಗೆ ಬಂದ. ಒಳಗಿನಿಂದ ನಗು ಕೇಳಿಸಿತು.

"ಏನ್ ದೇರಪ್ಪ, ಈ ವಾರ ಯಾರ ಹತ್ರ ಎರಡು ಸಲ ಈಸ್ಕೊಂಡೆ?" ಎಂದು ಒಬ್ಬ ಕೇಳುತ್ತಿದ್ದ. "ಅವನಿಗೆ ಟೀ ದುಡ್ಡನ್ನ ಸೀಲ್ ಹಾಕಿಸ್ಕೊಂಡು ಕೊಡ್ರಪ್ಪ" ಎಂದ ಇನ್ನೊಬ್ಬ. ದ್ವೇಷದ ಮಾತಲ್ಲ, ಸಂತೆಯ ತಮಾಷೆ. ಮೂಲೆಯ ಬೆಂಚಿನಲ್ಲಿ ಕೂತಿದ್ದ ದೇರಪ್ಪನೂ ನಗುತ್ತಿದ್ದ. ಆ ನಗು ನೋಡಬಾರದಿತ್ತು. ಹೊಡೆತ ತಿಂದ ಮೇಲೆ ಮಕ್ಕಳು ಅಳು ನುಂಗಿ ನಗುತ್ತಾರಲ್ಲ, ಹಾಗಿತ್ತು.

ಕಲ್ಲೇಶಪ್ಪನನ್ನು ಕಂಡು ಎಲ್ಲರೂ ಜಾಗ ಬಿಟ್ಟರು. ನಡುವಿನ ಬೆಂಚು, ಅವನ ಜಾಗ. ಕೂತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನ ಮೊಣಕಾಲು ಅರ್ಧ ಬಗ್ಗಿಯೂ ಬಗ್ಗಿತು. ಆದರೆ ಆ ಎರಡು ಸಲದ ಮಾತು ತನ್ನದೇ ಕೂಸು, ಅದು ಊರೆಲ್ಲ ಓಡಾಡಿಕೊಂಡಿದೆ ಎಂದು ಅವನಿಗೆ ಹೊಳೆಯಿತು. ಕೂರಲಿಲ್ಲ.

"ಅದು ಸುಳ್ಳು" ಎಂದ. ಯಾರಿಗೂ ಅರ್ಥವಾಗಲಿಲ್ಲ. "ದೇರಪ್ಪ ಅವತ್ತು ಹೇಳಿದ್ದು ನಿಜ. ದುಡ್ಡು ಹೋಗಿರಲಿಲ್ಲ. ನನ್ನ ಅಕೌಂಟಲ್ಲೇ ಇತ್ತು."

"ಬ್ಯಾಂಕಿನವರು ಲೇಟ್ ಮಾಡಿದ್ರಾ ಅಣ್ಣ? ಅವರು ಹಂಗೇ" ಎಂದ ಪಕ್ಕದವನು, ಕೈಹಿಡಿದು ದಾಟಿಸುವ ಹಾಗೆ. ಹೋಟೆಲಿನಲ್ಲಿ ಮೂರ್ನಾಲ್ಕು ಜನ ಹೌದು ಹೌದು ಎಂದರು. ಎಲ್ಲರಿಗೂ ಅದೇ ಬೇಕಾಗಿತ್ತು. ಕಲ್ಲೇಶಪ್ಪನಿಗೂ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಬ್ಯಾಂಕಿನವರದ್ದಲ್ಲ, ನಂದು. ಆರ್‌ಟಿಜಿಎಸ್ ಎರಡು ಲಕ್ಷಕ್ಕೆ ಮೇಲ್ಪಟ್ಟು ಇದ್ರೆ ಮಾತ್ರ ಹೋಗದಂತೆ. ನಂಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಿಮಗೆಲ್ಲಾ ಬುದ್ಧಿ ಹೇಳ್ದೆ, ನಂಗೇ ಗೊತ್ತಿರಲಿಲ್ಲ. ಕಡಿಮೆ ಇದ್ರೆ ಎನ್‌ಇಎಫ್‌ಟಿ ಹಾಕಬೇಕು. ಬ್ಯಾಂಕಿನವರು ಫೋನ್ ಮಾಡಿದ್ರೆ ಕಳ್ಳರು ಅಂತ ಬೈದೆ. ಹೋದ ಸೋಮವಾರ ಮಧ್ಯಾಹ್ನನೇ ಎಲ್ಲಾ ತಿಳೀತು. ತಿಳಿದ ಮೇಲೂ ಒಂದು ವಾರ ಬಾಯಿ ಮುಚ್ಕೊಂಡಿದ್ದೆ." ಅವನು ಮೂಲೆಯ ಬೆಂಚಿನ ಕಡೆ ತಿರುಗಿದ. "ದೇರಪ್ಪ, ನಿನ್ನನ್ನ ಇಲ್ಲೇ ಅಂದಿದ್ದು. ಇಲ್ಲೇ ಕೇಳ್ತೀನಿ. ತಪ್ಪಾಯ್ತಪ್ಪ."

ತಮಾಷೆ ಮಾಡಿದವನು ತನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದ. ದೇರಪ್ಪ ಎದ್ದು ಬಂದು ಕಲ್ಲೇಶಪ್ಪನ ಕೈ ಹಿಡಿಯುತ್ತಾನೆ, ಹೋಗಲಿ ಬಿಡಿ ಅಣ್ಣ ಎನ್ನುತ್ತಾನೆ ಎಂದು ಎಲ್ಲರೂ ಕಾದರು. ಕಲ್ಲೇಶಪ್ಪನೂ ಕಾದ. ದೇರಪ್ಪ ಏಳಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು ಅಣ್ಣ" ಎಂದ ಕೊನೆಗೆ, ಲೋಟದ ಕಡೆ ನೋಡಿಕೊಂಡೇ. "ಇಲ್ಲಿಯವರು ನಕ್ಕಿದ್ದು ದೊಡ್ಡದಲ್ಲ. ಅವತ್ತು ನಾನು ಮನೆಗೆ ಹೋಗೋ ಮೊದಲೇ ಸುದ್ದಿ ಹೋಗಿತ್ತು. ನನ್ನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ಳು, ದುಡ್ಡು ಬಂದಿದ್ದು ಹೌದಾ, ನಿಜ ಹೇಳಿ ಅಂತ. ಕಲ್ಲೇಶಪ್ಪಣ್ಣ ಸುಮ್ಮನೆ ಹೇಳೋರಲ್ಲ ಅಂದ್ಳು."

ಕಲ್ಲೇಶಪ್ಪನಿಗೆ ಅಲ್ಲಿಯವರೆಗೆ ಆದ ನಾಚಿಕೆ ನಾಚಿಕೆಯೇ ಅಲ್ಲ ಎನ್ನಿಸಿತು. ಅವನ ಒಳ್ಳೆಯ ಹೆಸರೇ ಹೋಗಿ ಇನ್ನೊಬ್ಬನ ಮನೆಯ ಬಾಗಿಲಲ್ಲಿ ಕೂತು ಆ ಮನೆಯವನನ್ನು ಒಳಗೆ ಬಿಡದೆ ಕಾದಿತ್ತು.

"ನಿಮ್ಮ ಮನೆಗೂ ಬಂದು ಹೇಳ್ತೀನಿ" ಎಂದ.

ದೇರಪ್ಪ ತಲೆ ಎತ್ತಿ ಅವನನ್ನು ನೋಡಿದ. ಬೇಡ ಅಣ್ಣ ಎನ್ನಲಿಲ್ಲ. "ಬನ್ನಿ" ಎಂದ.

ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋದರು. ಮಾದಾಪುರ ಬಂತು, ಕಲ್ಲೇಶಪ್ಪ ಇಳಿಯಲಿಲ್ಲ. ಇಳಿದ ಮೇಲೆ ತೋಟದ ನಡುವಿನ ದಾರಿಯಲ್ಲಿ ದೇರಪ್ಪ ಮುಂದೆ, ಕಲ್ಲೇಶಪ್ಪ ಹಿಂದೆ. ದೇರಪ್ಪನ ಹೆಂಡತಿ ಅಂಗಳದಲ್ಲಿ ಕರಿಮೆಣಸು ಹರಡುತ್ತಿದ್ದಳು. ಗಂಡನ ಹಿಂದೆ ಬಂದವರನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ಕುರ್ಚಿ ತರಲು ಒಳಗೆ ಹೊರಟವಳನ್ನು ಕಲ್ಲೇಶಪ್ಪ ತಡೆದ.

"ಕೂರಕ್ಕೆ ಬಂದಿಲ್ಲಮ್ಮ. ಒಂದು ಮಾತು ಹೇಳಿ ಹೋಗಕ್ಕೆ ಬಂದೆ. ಆ ದುಡ್ಡು ಬಂದಿರಲಿಲ್ಲ. ನಾನು ಸರಿಯಾಗಿ ಕಳ್ಸಿರಲಿಲ್ಲ. ನಿನ್ನ ಗಂಡ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು."

ಅವಳು ಕಲ್ಲೇಶಪ್ಪನ ಕಡೆ ನೋಡಲಿಲ್ಲ. ಗಂಡನ ಕಡೆ ನೋಡಿದಳು. ಅರೆಭಾಷೆಯಲ್ಲಿ ಅವಳು ಹೇಳಿದ್ದು ಎರಡೇ ಮಾತು. ತಾನು ಕೇಳಬಾರದಿತ್ತು, ಇಷ್ಟು ವರ್ಷ ಜೊತೆಗೆ ಬಾಳಿ ತಾನು ಹಾಗೆ ಕೇಳಬಾರದಿತ್ತು ಎಂದು. ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ದೇರಪ್ಪ ಅವಳ ಹಿಂದೆಯೇ ಹೋದ. ಕಲ್ಲೇಶಪ್ಪ ಅಂಗಳದಲ್ಲಿ ಮೆಣಸಿನ ಪಕ್ಕ ನಿಂತೇ ಇದ್ದ. ಮಾಡಿದ ತಪ್ಪು ತನ್ನದು, ನಾಚಿಕೆ ಆ ಹೆಂಗಸಿನ ಪಾಲಿಗೂ ಹೋಗಿ ಸೇರಿತ್ತು, ಅದನ್ನು ವಾಪಸು ತೆಗೆದುಕೊಳ್ಳುವ ದಾರಿ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.